ಇಪ್ಪತ್ತೆರಡಕ್ಕೆ ಬಂದ ಮೇಲೆ ರಾಣಿಗೆ ಅಂಕ ಇಲ್ಲ

ಹಾಸನ: ನಗರದಲ್ಲಿ ಭಾನುವಾರ ನಡೆದ ಕೇರಂ ಪಂದ್ಯಾವಳಿಯ ಸಿಂಗಲ್ಸ್ ಫೈನಲ್‌ನಲ್ಲಿ ಸಕಲೇಶಪುರದ ಕಾಲೇಜು ವಿದ್ಯಾರ್ಥಿ, ಸ್ಥಳೀಯ ಹಿರಿಯ ಆಟಗಾರನನ್ನು 9-25, 25-12, 25-24ರಿಂದ ಸೋಲಿಸಿ ಪ್ರಶಸ್ತಿ ಗೆದ್ದರು. ಮೂರನೇ ಗೇಮಿನ ಏಳನೇ ಬೋರ್ಡ್ ಮುಗಿದಾಗ ಅವರು 15-24ರಿಂದ ಹಿಂದಿದ್ದರು. ಕೊನೆಯ ಬೋರ್ಡಿನಲ್ಲಿ 10 ಅಂಕ ಗಳಿಸಿದರು.

ನಾನು ಕಳಿಸಿದ ವರದಿ ಶುರುವಾಗಿದ್ದು ಹೀಗೆ. ಇನ್ನೂರು ಪದದ ಒಳಗೆ ಮುಗಿಸಬೇಕು ಅಂತ ಡೆಸ್ಕಿನಿಂದ ಮೊದಲೇ ಹೇಳಿದ್ದರು. ಮುಗಿಸಿದೆ. ಆದರೆ ಆಟ ಎಲ್ಲಿ ತಿರುಗಿತು ಅನ್ನೋದು ಆ ಇನ್ನೂರು ಪದದಲ್ಲಿ ಹಿಡಿಸಲಿಲ್ಲ. ಅದನ್ನು ಇಲ್ಲಿ ನಿಧಾನವಾಗಿ ಬರೆಯುತ್ತೇನೆ. ಇಬ್ಬರ ಹೆಸರೂ ಬೇಡ. ಹಾಲಿನಲ್ಲಿ ಎಲ್ಲರೂ ಒಬ್ಬರನ್ನು ಟೈಲರಣ್ಣ ಅನ್ನುತ್ತಿದ್ದರು, ಇನ್ನೊಬ್ಬನನ್ನು ಸಕಲೇಶಪುರದ ಹುಡುಗ ಅನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಕ್ರಿಕೆಟ್, ಕಬಡ್ಡಿ ವರದಿ ಮಾಡಿ ನನಗೆ ಅಭ್ಯಾಸ ಇದೆ. ಕೇರಂ ಫೈನಲ್ ಇದೇ ಮೊದಲು. ಅದಕ್ಕೇ ಒಂದು ಗಂಟೆ ಮುಂಚೆ ಹೋಗಿ ಅಂಪೈರ್ ಪಕ್ಕ ಕೂತೆ. ಅವರು ನಿವೃತ್ತ ಮೇಷ್ಟ್ರು. ನನ್ನ ನೋಟ್‌ಬುಕ್ ನೋಡಿ, "ಬರೀ ಸ್ಕೋರ್ ಬರ್ಕೊಂಡ್ರೆ ಏನೂ ಗೊತ್ತಾಗಲ್ಲ ಕಣಪ್ಪ. ನಾಲ್ಕು ಗೆರೆ ಎಳ್ಕೋ" ಅಂದರು. ಬ್ರೇಕ್ ಯಾರದು, ಬೋರ್ಡ್ ಗೆದ್ದಿದ್ದು ಯಾರು, ಸೋತವರ ಕಾಯಿ ಎಷ್ಟು ಉಳಿದವು, ರಾಣಿ, ಅಂದರೆ ಕೆಂಪು ಕಾಯಿ, ಯಾರ ಕೈಗೆ ಹೋಯಿತು. ಈ ನಾಲ್ಕು ಇದ್ದರೆ ಆಮೇಲೆ ಇಡೀ ಆಟವನ್ನು ಮತ್ತೆ ಓದಬಹುದು ಅಂದರು. ಆ ಸಂಜೆ ನನಗೆ ಸಿಕ್ಕ ಒಳ್ಳೇ ಮಾತು ಅದು.

ಮನೆಯಲ್ಲಿ ಬಿಳಿಗೆ ಇಪ್ಪತ್ತು, ಕಪ್ಪಿಗೆ ಹತ್ತು, ರೆಡ್ಡಿಗೆ ಐವತ್ತು ಅಂತ ಆಡಿದವರಿಗೆ ಪಂದ್ಯದ ಲೆಕ್ಕ ಬೇರೆ ಅಂತ ಹೇಳಬೇಕು. ಒಬ್ಬರಿಗೆ ಒಂಬತ್ತು ಬಿಳಿ, ಇನ್ನೊಬ್ಬರಿಗೆ ಒಂಬತ್ತು ಕಪ್ಪು. ಬ್ರೇಕ್ ಮಾಡಿದವರದು ಬಿಳಿ. ಮೊದಲು ತಮ್ಮ ಕಾಯಿ ಪೂರ್ತಿ ಮುಗಿಸಿದವರು ಬೋರ್ಡ್ ಗೆದ್ದ ಹಾಗೆ. ಎದುರಾಳಿಯ ಎಷ್ಟು ಕಾಯಿ ಉಳಿದಿವೆಯೋ ಅಷ್ಟು ಅಂಕ. ಗೆದ್ದವರೇ ರಾಣಿಯನ್ನು ಹಾಕಿ ಕವರ್ ಮಾಡಿದ್ದರೆ ಮೂರು ಅಂಕ ಜಾಸ್ತಿ. ಕವರ್ ಅಂದರೆ ನಮ್ಮ ಬೀದಿ ಆಟದ 'ಫಾಲೋ'. ರಾಣಿ ಬಿದ್ದ ಹೊಡೆತದಲ್ಲೇ, ಇಲ್ಲವೇ ಅದರ ಮುಂದಿನ ಹೊಡೆತದಲ್ಲಿ ತಮ್ಮ ಕಾಯಿ ಒಂದು ಬೀಳಬೇಕು. ಸೋತವರು ರಾಣಿ ತೆಗೆದಿದ್ದರೆ ಅದರ ಅಂಕ ಯಾರಿಗೂ ಇಲ್ಲ. ಮೊದಲು 25 ತಲುಪಿದವರಿಗೆ ಗೇಮ್. ಎಂಟು ಬೋರ್ಡ್ ಆದರೂ ಯಾರೂ ತಲುಪದಿದ್ದರೆ ಮುಂದಿರುವವರಿಗೆ ಗೇಮ್. ಮೂರು ಗೇಮಿನಲ್ಲಿ ಎರಡು ಗೆದ್ದರೆ ಪಂದ್ಯ.

ಇನ್ನೊಂದು ನಿಯಮ ಇದೆ. ಮೇಷ್ಟ್ರು ಅದನ್ನೂ ಹೇಳಿದ್ದರು. ನಾನು ತಲೆಯಾಡಿಸಿದ್ದೆ, ಆದರೆ ಮನಸ್ಸಿಗೆ ಹೋಗಿರಲಿಲ್ಲ. ರಾಣಿಯ ಮೂರು ಅಂಕ ಸಿಗೋದು ನಮ್ಮ ಸ್ಕೋರ್ 21 ಆಗುವವರೆಗೆ ಮಾತ್ರ. 22ಕ್ಕೆ ಬಂದರೆ ರಾಣಿ ಹಾಕಿದರೂ ಅಂಕ ಇಲ್ಲ.

ಮೊದಲ ಗೇಮ್ ಬೇಗ ಮುಗಿಯಿತು. ಟೈಲರಣ್ಣನಿಗೆ ಐವತ್ತು ದಾಟಿದೆ. ಹೊಡೆತ ಮೆತ್ತಗೆ. ಸ್ಟ್ರೈಕರ್ ಎಲ್ಲಿ ನಿಲ್ಲಬೇಕು ಅಂತ ಅಂದುಕೊಳ್ಳುತ್ತಾರೋ ಅಲ್ಲೇ ನಿಲ್ಲುತ್ತದೆ. ಹುಡುಗ ಹತ್ತೊಂಬತ್ತರವನು. ಜೋರಾಗಿ, ಬೇಗ ಬೇಗ ಹೊಡೆಯುತ್ತಾನೆ. ನಾಲ್ಕು ಬೋರ್ಡಿಗೆ 13-9. ಐದನೇ ಬೋರ್ಡಿಗೆ ಟೈಲರಣ್ಣನ ಬ್ರೇಕ್. ಎರಡು ಬಿಳಿ ಬ್ರೇಕಿನಲ್ಲೇ ಬಿದ್ದವು. ಆಮೇಲೆ ನಿಲ್ಲಿಸಲೇ ಇಲ್ಲ. ರಾಣಿ, ಕವರ್, ಉಳಿದ ಬಿಳಿ ಎಲ್ಲಾ ಒಂದೇ ಸರದಿಯಲ್ಲಿ. ಹುಡುಗ ಸ್ಟ್ರೈಕರ್ ಮುಟ್ಟಲೇ ಇಲ್ಲ. ಇದಕ್ಕೆ ವೈಟ್ ಸ್ಲ್ಯಾಮ್ ಅನ್ನುತ್ತಾರೆ. ಒಂಬತ್ತು ಕಪ್ಪು, ಮೂರು ರಾಣಿಯದು, ಒಟ್ಟು ಹನ್ನೆರಡು. ಒಂದು ಬೋರ್ಡಿನಲ್ಲಿ ಅದಕ್ಕಿಂತ ಜಾಸ್ತಿ ಗಳಿಸಲು ಆಗಲ್ಲ. 25-9. ಹಾಲಿನಲ್ಲಿ ಶಿಳ್ಳೆಯೋ ಶಿಳ್ಳೆ. ನಾನೂ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ.

ಎರಡನೇ ಗೇಮ್ ಶುರುವಾಗುವ ಹೊತ್ತಿಗೆ ಹೊರಗೆ ಜಿಟಿಜಿಟಿ ಮಳೆ ಹಿಡಿಯಿತು. ಸ್ಲ್ಯಾಮ್ ಸುದ್ದಿ ಕೇಳಿ ಸಂತೇಪೇಟೆ ಕಡೆಯಿಂದ ಇನ್ನಷ್ಟು ಜನ ಬಂದರು. ಬಾಗಿಲು ಪೂರ್ತಿ ತೆರೆದೇ ಇತ್ತು. ಒದ್ದೆ ಛತ್ರಿ, ಒದ್ದೆ ಚಪ್ಪಲಿ. ಈ ತೇವ ಬೋರ್ಡಿಗೆ ಏನು ಮಾಡುತ್ತದೆ ಅಂತ ಅವತ್ತು ಹತ್ತಿರದಿಂದ ನೋಡಿದೆ. ಬೋರಿಕ್ ಪೌಡರ್ ಒಣಗಿದ್ದರೆ ಸ್ಟ್ರೈಕರ್ ಅದರ ಮೇಲೆ ತೇಲಿಕೊಂಡು ಹೋಗುತ್ತದೆ. ತೇವ ತಾಗಿದರೆ ಪೌಡರ್ ಸಣ್ಣ ಸಣ್ಣ ಗಂಟು ಕಟ್ಟುತ್ತದೆ. ಪ್ಲೈವುಡ್ಡೂ ಭಾರ ಆದ ಹಾಗೆ ಅನಿಸುತ್ತದೆ. ಸದ್ದಿನಲ್ಲೇ ಗೊತ್ತಾಗುತ್ತದೆ ಅಂತ ಮೇಷ್ಟ್ರು ಕಿವಿಯಲ್ಲಿ ಹೇಳಿದರು. ಮೊದಲ ಗೇಮಿನಲ್ಲಿ ಸ್ಟ್ರೈಕರ್ ಜಾರುವಾಗ 'ಸುಯ್' ಅನ್ನುತ್ತಿತ್ತು. ಈಗ ಒರಟಾಗಿ 'ಸರ್ರ್' ಅನ್ನುತ್ತಿತ್ತು.

ಜೋರಾಗಿ ಹೊಡೆಯುವ ಹುಡುಗನಿಗೆ ಇದರಿಂದ ಅಷ್ಟೇನೂ ತೊಂದರೆ ಆಗಲಿಲ್ಲ. ಏಟು ಬಿದ್ದದ್ದು ಮೆತ್ತನೆ ಹೊಡೆತದ ಮೇಲೆ. ಟೈಲರಣ್ಣನ ಕಾಯಿಗಳು ಪಾಕೆಟ್ ಬಾಯಿಯವರೆಗೆ ಹೋಗಿ ನಿಲ್ಲತೊಡಗಿದವು. ಆದರೂ ನಾಲ್ಕು ಬೋರ್ಡಿಗೆ 12-10, ಮುಂದೆ ಇದ್ದವರು ಅವರೇ.

ಐದನೇ ಬೋರ್ಡಿನಲ್ಲಿ ಅವರಿಗೆ ಉಳಿದದ್ದು ಎರಡೇ ಕಪ್ಪು. ಹುಡುಗನಿಗೆ ಐದು ಬಿಳಿ. ರಾಣಿಯನ್ನು ಹುಡುಗ ಆಗಲೇ ಕವರ್ ಮಾಡಿದ್ದ. ಕಾಯಿ ನಿಲ್ಲುತ್ತಿದೆ ಅಂತ ಟೈಲರಣ್ಣ ಈ ಸಲ ಸ್ವಲ್ಪ ಬಿಗಿಯಾಗಿ ಹೊಡೆದರು. ಕಪ್ಪು ಪಾಕೆಟ್ಟಿನ ಮೂಲೆಗೆ ಬಡಿದು ವಾಪಸ್ ಬಂತು. ಸ್ಟ್ರೈಕರ್ ಎದುರಿನ ಫ್ರೇಮಿಗೆ ತಾಗಿ, ಉರುಳಿಕೊಂಡು ಪಕ್ಕದ ಪಾಕೆಟ್ಟಿಗೆ ಬಿತ್ತು. ಡ್ಯೂ! ಸರದಿ ಹೋಯಿತು. ಆಗಲೇ ಹಾಕಿದ್ದ ಒಂದು ಕಪ್ಪು ಹೊರಗೆ ಬಂತು. ಅದನ್ನು ಎದುರಾಳಿ ನಡುವಿನ ದೊಡ್ಡ ವೃತ್ತದ ಒಳಗೆ ತನಗೆ ಬೇಕಾದ ಕಡೆ ಇಡಬಹುದು. ಹುಡುಗ ಅದನ್ನು ತನ್ನ ಒಂದು ಬಿಳಿಯ ಹಿಂದೆ ಅಡಗಿಸಿ ಇಟ್ಟ. ಮೂರು ಬಿಳಿ ಹಾಕಿ ತಪ್ಪಿದ. ಟೈಲರಣ್ಣನಿಗೆ ಸಿಕ್ಕ ಸರದಿಯಲ್ಲಿ ಏನೂ ಬೀಳಲಿಲ್ಲ. ಹುಡುಗ ಮುಗಿಸಿದ. ಮೂರು ಕಾಯಿ, ಮೂರು ರಾಣಿ, ಆರು ಅಂಕ.

ಆ ಎರಡು ಕಪ್ಪು ಬಿದ್ದಿದ್ದರೆ ಟೈಲರಣ್ಣ 17-10ರಿಂದ ಮುಂದಿರುತ್ತಿದ್ದರು. ಈಗ 12-16ರಿಂದ ಹಿಂದೆ ಬಿದ್ದರು. ಒಂದು ಡ್ಯೂ ಆಟವನ್ನು ಹನ್ನೊಂದು ಅಂಕದಷ್ಟು ತಿರುಗಿಸಿತು. ಆರನೇ ಬೋರ್ಡಿನಲ್ಲಿ ಹುಡುಗನಿಗೆ ಐದು ಅಂಕ, 21-12. ಏಳನೆಯದರಲ್ಲಿ ಟೈಲರಣ್ಣನ ಕಾಯಿ ಉಳಿದದ್ದು ಒಂದೇ. ಆದರೆ ಹುಡುಗ 21ರಲ್ಲಿ ಇದ್ದ, ರಾಣಿ ಅವನದಾಗಿತ್ತು. ಒಂದು ಮತ್ತು ಮೂರು ಸೇರಿ 25. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಾಗಲೂ ನನಗೆ ಆ 21ರ ಮಹತ್ವ ಹೊಳೆದಿರಲಿಲ್ಲ.

ಮೂರನೇ ಗೇಮಿಗೆ ಮುಂಚೆ ಬೋರ್ಡನ್ನು ಒಣ ಬಟ್ಟೆಯಲ್ಲಿ ಒರೆಸಿ ಹೊಸ ಪೌಡರ್ ಹಾಕಿದರು. ಬಾಗಿಲು ಮುಚ್ಚಿದರು. ಮೇಲಿನ ಬಲ್ಬಿನ ಬಿಸಿಗೆ ಬೋರ್ಡು ಸ್ವಲ್ಪ ಹೊತ್ತಿನಲ್ಲೇ ಹದಕ್ಕೆ ಬಂತು. ಟೈಲರಣ್ಣನ ಕೈಯೂ ಹದಕ್ಕೆ ಬಂತು. ಆದರೆ ಹುಡುಗ ಬಿಟ್ಟುಕೊಡಲಿಲ್ಲ. 6-0, 6-7, 14-7, 14-15. ಐದು ಬೋರ್ಡ್ ಮುಗಿದಾಗ ಟೈಲರಣ್ಣ 19, ಹುಡುಗ 15.

ಈಗ ಆರನೇ ಬೋರ್ಡಿಗೆ ಬರುತ್ತೇನೆ. ಪಂದ್ಯ ತಿರುಗಿದ್ದು ಇಲ್ಲೇ ಅಂತ ನನ್ನ ನಂಬಿಕೆ.

ಟೈಲರಣ್ಣನ ಸರದಿ. ಅವರಿಗೆ ಮೂರು ಕಪ್ಪು ಉಳಿದಿತ್ತು, ಹುಡುಗನಿಗೆ ನಾಲ್ಕು ಬಿಳಿ. ರಾಣಿ ಇನ್ನೂ ಬೋರ್ಡಿನ ಮೇಲೆ. ಅದು ಇದ್ದದ್ದು ಟೈಲರಣ್ಣನ ಬೇಸ್ ಲೈನಿನ ಹಿಂದೆ, ಬಲಗಡೆ. ಹೊಡೆಯಬೇಕಾದರೆ ಹೆಬ್ಬೆರಳಿನಲ್ಲಿ ಹಿಂದಕ್ಕೆ ತಳ್ಳಬೇಕು, ಇಲ್ಲ ಎದುರಿನ ಫ್ರೇಮಿಗೆ ಹೊಡೆದು ಸ್ಟ್ರೈಕರನ್ನು ವಾಪಸ್ ತರಬೇಕು. ಸುಲಭ ಅಲ್ಲ. ಅಸಾಧ್ಯವೂ ಅಲ್ಲ. ಅದು ಬಿದ್ದು, ಮೂರು ಕಪ್ಪೂ ಬಿದ್ದರೆ ನಾಲ್ಕು ಮತ್ತು ಮೂರು ಏಳು ಅಂಕ. 19 ಇದ್ದದ್ದು 25 ದಾಟುತ್ತದೆ. ಪಂದ್ಯ ಅಲ್ಲಿಗೇ ಮುಗಿಯುತ್ತದೆ.

ಅವರು ಎರಡು ಸಲ ಸ್ಟ್ರೈಕರ್ ಬಲಕ್ಕೆ ಸರಿಸಿದರು. ಹೆಬ್ಬೆರಳು ಇಟ್ಟು ನೋಡಿದರು. ತೆಗೆದರು. ಒಂದು ಹೊಡೆತಕ್ಕೆ ಹದಿನೈದು ಸೆಕೆಂಡ್ ಸಮಯ. ಆ ಸಮಯ ಮುಗಿಯುತ್ತಾ ಬಂದಾಗ ಸ್ಟ್ರೈಕರ್ ಎಡಕ್ಕೆ ತಂದು ಮುಂದಿದ್ದ ಸುಲಭದ ಕಪ್ಪನ್ನು ಹಾಕಿದರು. ಇನ್ನೊಂದನ್ನೂ ಹಾಕಿದರು. ರಾಣಿ ಇರುವಾಗ ಕೊನೆಯ ಕಾಯಿ ಹಾಕಿ ಗೆಲ್ಲಲು ಆಗಲ್ಲ. ಹಾಗಾಗಿ ಕೈಕೊಟ್ಟರೂ ಪರವಾಗಿಲ್ಲ ಅನ್ನುವ ಹಾಗೆ ರಾಣಿಗೆ ಒಂದು ಹೊಡೆತ ಹೊಡೆದರು. ಬೀಳಲಿಲ್ಲ. ಹುಡುಗ ತಕ್ಷಣ ರಾಣಿ ಹಾಕಿ, ಒಂದು ಬಿಳಿಯಿಂದ ಕವರ್ ಮಾಡಿದ. ಮುಂದಿನದು ತಪ್ಪಿತು. ಟೈಲರಣ್ಣ ಕೊನೆಯ ಕಪ್ಪು ಹಾಕಿದರು. ಮೂರು ಅಂಕ. 22-15.

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮಾತ್ರ ಸ್ಕೋರ್ ಶೀಟ್ ಮೇಲೆ ಪೆನ್ನು ಇಟ್ಟುಕೊಂಡೇ, "ಇಪ್ಪತ್ತೆರಡಕ್ಕೆ ಬಂದ್ರು" ಅಂದರು. ಯಾರಿಗೂ ಕೇಳಿಸದಷ್ಟು ಮೆತ್ತಗೆ. ಬೋರ್ಡ್ ಗೆದ್ದವರ ಬಗ್ಗೆ ಹೀಗೆ ಯಾಕೆ ಹೇಳುತ್ತಾರೆ ಅಂತ ನನಗೆ ಅರ್ಥ ಆಗಲಿಲ್ಲ.

ಏಳನೇ ಬೋರ್ಡಿನಲ್ಲಿ ಅರ್ಥ ಆಯಿತು. ಬ್ರೇಕ್ ಟೈಲರಣ್ಣನದು. ರಾಣಿಯನ್ನೂ ಹಾಕಿದರು, ಕವರ್ ಮಾಡಿದರು, ಒಂಬತ್ತೂ ಬಿಳಿ ಮುಗಿಸಿದರು. ಹುಡುಗನ ಎರಡು ಕಪ್ಪು ಉಳಿದವು. ಜನ ಎಲ್ಲಾ ಎದ್ದು ನಿಂತರು. ಟೈಲರಣ್ಣನೂ ಎದ್ದು, ಬೆರಳಿನ ಪೌಡರ್ ಪ್ಯಾಂಟಿಗೆ ಒರೆಸಿಕೊಂಡು ಕೈ ಮುಂದೆ ಚಾಚಿದರು. ನಾನು ನೋಟ್‌ಬುಕ್ಕಿನಲ್ಲಿ 27 ಅಂತ ಬರೆದೇ ಬಿಟ್ಟಿದ್ದೆ.

"ಕೂತ್ಕೊಳ್ಳಿ" ಅಂದರು ಮೇಷ್ಟ್ರು. "ಇಪ್ಪತ್ನಾಲ್ಕು. ರಾಣಿಗೆ ಅಂಕ ಇಲ್ಲ."

ಟೈಲರಣ್ಣನಿಗೆ ಈ ನಿಯಮ ಗೊತ್ತಿಲ್ಲದೆ ಏನಲ್ಲ. ಮೂವತ್ತು ವರ್ಷದಿಂದ ಆಡುತ್ತಿದ್ದಾರೆ. ಜನ ಎದ್ದಾಗ ಆ ಗದ್ದಲದಲ್ಲಿ ಮರೆತರು ಅಷ್ಟೇ. ಆದರೆ ಒಂದು ಸಲ ಎದ್ದು ನಿಂತ ಮೈ ಮತ್ತೆ ಕೂರುವುದು ಸುಲಭ ಅಲ್ಲ. ಅವರ ಬೆರಳಿನಲ್ಲಿ ಪೌಡರ್ ಇರಲಿಲ್ಲ. ಮತ್ತೆ ಹಚ್ಚಿಕೊಂಡರು.

ಕೊನೆಯ ಬೋರ್ಡ್. 24-15. ಹುಡುಗ ಗೆಲ್ಲಬೇಕಾದರೆ ಹತ್ತು ಅಂಕ ಬೇಕು. ಒಂಬತ್ತಾದರೆ ಸಮ, ಇನ್ನೊಂದು ಬೋರ್ಡ್ ಆಡಿಸಬೇಕು. ಬ್ರೇಕ್ ಅವನದು. ಐದು ಬಿಳಿ ಹಾಕಿದ. ಆರನೆಯದು ಪಾಕೆಟ್ ಅಂಚಿಗೆ ತಾಗಿ ನಿಂತಿತು. ಟೈಲರಣ್ಣನ ಸರದಿ. ಒಂಬತ್ತೂ ಕಪ್ಪು ಹಾಗೇ ಇದ್ದವು. ಒಂದು ಹಾಕಿದರು. ಎರಡು ಹಾಕಿದರು. ಏಳು ಉಳಿಯಿತು.

ಇಲ್ಲಿ ಲೆಕ್ಕ ನೋಡಿ. ಏಳು ಕಪ್ಪು, ರಾಣಿಯ ಮೂರು, ಹುಡುಗನಿಗೆ ಸಿಗಬಹುದಾದ್ದು ಸರಿಯಾಗಿ ಹತ್ತು. ಇನ್ನೊಂದೇ ಕಪ್ಪು ಬಿದ್ದರೆ ಒಂಬತ್ತು, ಆಗ ಹುಡುಗನಿಗೆ ಸಮಕ್ಕಿಂತ ಮೇಲೆ ಹೋಗಲು ಆಗಲ್ಲ. ರಾಣಿ ಬಿದ್ದು ಕವರ್ ಆದರೆ ಹುಡುಗನಿಗೆ ದಾರಿಯೇ ಇಲ್ಲ, ಪಂದ್ಯ ಟೈಲರಣ್ಣನದೇ. ಅವರ ಹತ್ತಿರದ ಎಡ ಪಾಕೆಟ್ಟಿನ ಬಾಯಲ್ಲೇ ಒಂದು ಕಪ್ಪು ಕೂತಿತ್ತು. ಹೆಬ್ಬೆರಳಿನಲ್ಲಿ ಸುಮ್ನೆ ತಾಗಿಸಿದರೆ ಸಾಕು. ಅದನ್ನು ಕವರ್‌ಗೆ ಅಂತ ಇಟ್ಟುಕೊಂಡು ಅವರು ರಾಣಿಗೆ ಗುರಿ ಇಟ್ಟರು. ಸುಲಭದ ಕಾಯಿಯನ್ನು ಕವರ್‌ಗೆ ಉಳಿಸಿಕೊಂಡು ರಾಣಿ ಹೊಡೆಯುವುದು ಅನುಭವಿಗಳ ಕ್ರಮ. ಅದರಲ್ಲಿ ತಪ್ಪಿಲ್ಲ.

ರಾಣಿಗೆ ಒಳ್ಳೇ ಕಟ್. ಎದುರಿನ ಬಲ ಪಾಕೆಟ್ಟಿಗೆ ಹೋಗಿ ಬಿತ್ತು. ಸ್ಟ್ರೈಕರ್ ಎದುರಿನ ಫ್ರೇಮಿಗೆ ತಾಗಿ ನಿಧಾನಕ್ಕೆ ವಾಪಸ್ ಬಂತು. ಬರುತ್ತಾ ಬರುತ್ತಾ ಒಂದು ಬಿಳಿಗೆ ಸವರಿತು. ಆ ಬಿಳಿ ಒಂದು ಗೇಣಿನಷ್ಟು ಉರುಳಿ, ಪಾಕೆಟ್ ಬಾಯಲ್ಲಿ ಕೂತಿದ್ದ ಆ ಕಪ್ಪಿನ ಮುಂದೆ ಬಂದು ನಿಂತಿತು. ಸರಿಯಾಗಿ ಅಡ್ಡಕ್ಕೆ. ಅವರ ಕಡೆಯಿಂದ ಆ ಬಿಳಿಗೆ ಹೊಡೆದರೂ ಕಪ್ಪು ಪಾಕೆಟ್ಟಿಗೆ ಹೋಗುವ ಕೋನ ಇರಲಿಲ್ಲ. ಕಪ್ಪಿನ ಅಂಚು ಒಂದು ಎಳೆಯಷ್ಟೂ ಕಾಣುತ್ತಿರಲಿಲ್ಲ.

ಕವರ್‌ಗೆ ಬೇರೆ ಕಪ್ಪು ಹುಡುಕಬೇಕಾಯಿತು. ಹೊಡೆದರು. ತಪ್ಪಿತು. ರಾಣಿ ಪಾಕೆಟ್ಟಿನಿಂದ ಹೊರಗೆ ಬಂದು ಮತ್ತೆ ನಡುವಿನ ವೃತ್ತದಲ್ಲಿ ಕೂತಿತು.

ಹುಡುಗ ಎರಡು ಬಿಳಿ ಹಾಕಿದ. ನಡುವಿನಲ್ಲಿದ್ದ ರಾಣಿಯನ್ನು ನೇರ ಹಾಕಿದ. ಮೂರನೇ ಬಿಳಿಯಿಂದ ಕವರ್. ಉಳಿದದ್ದು ಆ ಅಡ್ಡ ನಿಂತ ಬಿಳಿ ಒಂದೇ. ಅದು ಈಗ ಅವನಿಗೇ ತೊಂದರೆ. ತನ್ನ ಕಡೆಯಿಂದ ಅದನ್ನು ಅಲ್ಲೇ ಇದ್ದ ಪಾಕೆಟ್ಟಿಗೆ ತಳ್ಳಿದರೆ ಹಿಂದಿನ ಕಪ್ಪು ಮೊದಲು ಬೀಳುತ್ತದೆ. ಎದುರಾಳಿಯ ಕಾಯಿ ನಾವು ಹಾಕಿದರೂ ಅದು ಅವರ ಲೆಕ್ಕಕ್ಕೇ ಹೋಗುತ್ತದೆ. ಏಳು ಇದ್ದದ್ದು ಆರಾಗುತ್ತದೆ, ಹತ್ತು ಸಿಗಲ್ಲ. ಅದಕ್ಕೆ ಹುಡುಗ ಡಬಲ್ ಹೊಡೆದ. ಬಿಳಿಯನ್ನು ಎದುರಿನ ಫ್ರೇಮಿಗೆ ಬಡಿಸಿ, ಕಪ್ಪಿಗೆ ತಾಗದ ಹಾಗೆ ಪಕ್ಕದಿಂದ ವಾಪಸ್ ತಂದು ತನ್ನ ಬಲ ಪಾಕೆಟ್ಟಿಗೆ ಇಳಿಸಿದ. ಅದುವರೆಗೆ ಬೇಗ ಬೇಗ ಹೊಡೆಯುತ್ತಿದ್ದವನು ಆ ಒಂದು ಹೊಡೆತಕ್ಕೆ ಹದಿನೈದು ಸೆಕೆಂಡೂ ತೆಗೆದುಕೊಂಡ. 25-24.

ಡೆಸ್ಕಿನಿಂದ ಫೋನ್ ಬಂತು. "ಸ್ಲ್ಯಾಮ್ ಹೊಡೆದ್ರಂತಲ್ಲ, ಅದೇ ಹೆಡ್ಡಿಂಗ್ ಮಾಡೋಣ್ವಾ?" ಸ್ಲ್ಯಾಮ್ ಹೊಡೆದವರು ಸೋತಿದ್ದಾರೆ ಅಂದೆ. ಹಾಗಾದರೆ ಕೊನೆಯ ಡಬಲ್ ಹಾಕಿ ಅಂದರು. ಹೆಡ್ಡಿಂಗಿಗೆ ಡಬಲ್ ಬಂತು. ಡಬಲ್ ಅದ್ಭುತವಾಗಿತ್ತು, ನನಗೆ ಬೇಸರ ಇಲ್ಲ. ಆದರೆ ನನ್ನ ನಾಲ್ಕು ಗೆರೆಯ ಹಾಳೆಯನ್ನು ಎಷ್ಟು ಸಲ ನೋಡಿದರೂ ಕಣ್ಣು ಹೋಗಿ ನಿಲ್ಲೋದು ಆರನೇ ಸಾಲಿನ ಮೇಲೆ. 'ಗೆದ್ದದ್ದು ಟೈಲರಣ್ಣ, ಉಳಿದದ್ದು ಮೂರು, ರಾಣಿ ಹುಡುಗನದು.' ಅಲ್ಲಿ ರಾಣಿ ಅವರದೇ ಆಗಿದ್ದರೆ ಏಳನೇ, ಎಂಟನೇ ಬೋರ್ಡ್ ಇರುತ್ತಲೇ ಇರಲಿಲ್ಲ.

ಬಹುಮಾನ ಕೊಟ್ಟಾದ ಮೇಲೆ ಟೈಲರಣ್ಣನ ಪಕ್ಕ ಕೂತು ಕೇಳಿದೆ. ಅವರು ಟೀ ಲೋಟ ಕೈಯಲ್ಲಿ ತಿರುಗಿಸುತ್ತಾ, "ಎಂಟನೇ ಬೋರ್ಡಲ್ಲಿ ನಾನು ರಾಣಿ ಹೊಡೆದದ್ದು ಸರಿ ಕಣಪ್ಪ. ಆ ಬಿಳಿ ಬಂದು ನಿಂತದ್ದು ನನ್ನ ಕೈಲಿಲ್ಲ. ಆರನೇದ್ರಲ್ಲಿ ಹೊಡೀಬೇಕಿತ್ತು. ಹೆಬ್ಬೆರಳು ಇಟ್ಟಿದ್ದೆ, ನೀನೂ ನೋಡ್ದೆ ಅಲ್ವಾ?" ಅಂದರು.

ನೋಡಿದೆ ಅಂದೆ. ಹುಡುಗ ಅಷ್ಟರಲ್ಲಿ ಟ್ರೋಫಿ ಚೀಲದಲ್ಲಿ ಹಾಕಿಕೊಂಡು ಬಂದು ಟೈಲರಣ್ಣನ ಕಾಲು ಮುಟ್ಟಿದ. ಸಕಲೇಶಪುರದ ಬಸ್ಸಿಗೆ ಹೊತ್ತಾಗುತ್ತಿತ್ತು. ಟೈಲರಣ್ಣ ಅವನನ್ನು ಹಿಡಿದು ಕೂರಿಸಿದರು. "ಹೋಗ್ತೀಯಂತೆ ಇರು. ಆರನೇ ಬೋರ್ಡಲ್ಲಿ ನಾನು ರಾಣಿ ಬಿಟ್ಟಾಗ ನಿಂಗೇನನ್ನಿಸ್ತು ಹೇಳು."

"ಬಚಾವ್ ಆದೆ ಅನ್ನಿಸ್ತು ಅಣ್ಣ" ಅಂದ ಹುಡುಗ.

ಬೋರ್ಡಿನ ಮೇಲಿನ ಬಲ್ಬು ಇನ್ನೂ ಉರಿಯುತ್ತಿತ್ತು. ಟೈಲರಣ್ಣ ಎದ್ದು ಹೋಗಿ ರಾಣಿಯನ್ನು ಬೇಸ್ ಲೈನಿನ ಹಿಂದೆ, ಬಲಗಡೆ, ಅದೇ ಜಾಗದಲ್ಲಿ ಇಟ್ಟರು. ಹೆಬ್ಬೆರಳು ಇಟ್ಟು ಹೊಡೆದರು. ಬಿತ್ತು. ಮತ್ತೆ ತೆಗೆದು ಇಟ್ಟರು.